ಸತತ ಎಂಬ ಮಾತು

ಮುಷ್ಕರಕ್ಕೆ ಕೂತರೆ ಒಂದು ಮನೆಗೆ ಏನೇನು ಹೋಗುತ್ತದೆ ಎಂದು ಅಕ್ಕ ಲೆಕ್ಕ ಹಾಕಿ ಇಟ್ಟಿದ್ದಳು. ಮೊದಲ ದಿನ ಆ ದಿನದ ಸಂಬಳ ಹೋಗುತ್ತದೆ, ಜೊತೆಗೆ ಆ ತಿಂಗಳ ಹಾಜರಿ ಭತ್ಯೆ ಪೂರ್ತಿ ಹೋಗುತ್ತದೆ. ಮೊದಲ ವಾರ ಅಂಗಡಿಯವನು ನಗುತ್ತಲೇ ಸಾಮಾನು ಕೊಡುತ್ತಾನೆ. ಎರಡನೇ ವಾರ ನಗು ನಿಲ್ಲುತ್ತದೆ. ಮೂರನೇ ವಾರ ಸಾಮಾನು ನಿಲ್ಲುತ್ತದೆ. ಅಷ್ಟರಲ್ಲಿ ಬಾಡಿಗೆಯ ದಿನ ಬಂದಿರುತ್ತದೆ, ಮಕ್ಕಳ ಶಾಲೆಯಿಂದ ಚೀಟಿ ಬಂದಿರುತ್ತದೆ, ಕಿವಿಯ ಓಲೆ ಕಿವಿಯಿಂದ ಇಳಿದಿರುತ್ತದೆ. ಸಂಘದ ನಿಧಿಯಲ್ಲಿ ಇರುವುದು ಮನೆಗೊಂದು ಮೂಟೆ ಅಕ್ಕಿಗೆ ಸಾಕು, ಅದನ್ನು ಬೇಯಿಸುವ ಗ್ಯಾಸಿಗೆ ಸಾಲದು.

ಕಂಪನಿಯ ಕಡೆಯ ಲೆಕ್ಕವನ್ನೂ ಅವಳು ಹಾಕಿದ್ದಳು. ಅದು ಗಾಜಿನ ಬಾಟಲಿ ಮಾಡುವ ಕಾರ್ಖಾನೆ. ಕುಲುಮೆ ಹಗಲು ರಾತ್ರಿ ಉರಿಯಬೇಕು. ಆರಿಹೋದರೆ ಒಳಗಿನ ಗಾಜು ಕಲ್ಲಾಗಿ ಕೂರುತ್ತದೆ. ಒಡೆದು, ತೆಗೆದು, ಹೊಸದಾಗಿ ಕಟ್ಟುವಷ್ಟರಲ್ಲಿ ಅರ್ಧ ವರ್ಷ ಕಳೆದು, ಬಾಟಲಿ ಕೊಳ್ಳುವವರು ಬೇರೆ ಬಾಗಿಲಿಗೆ ಹೋಗಿರುತ್ತಾರೆ. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟರೆ ಯಾರು ಹೆಚ್ಚು ಹೆದರಬೇಕು ಎಂದು ಹೇಳುವುದು ಕಷ್ಟ. ಆದರೂ ಹೆದರಿಕೆ ಈ ಕಡೆಯೇ ಹೆಚ್ಚು ಇತ್ತು. ಕಂಪನಿಗೆ ಹೊಟ್ಟೆ ಹಸಿಯುವುದಿಲ್ಲ.

ಅದರ ಮೇಲೆ ಗೇಟಿನಲ್ಲಿ ಒಂದು ಹೊಸ ಸರಪಳಿ ಬಂದಿತ್ತು. ಕಾವಲಿನವರ ಕೋಣೆಯ ಮೊಳೆಗೆ ತೂಗುಹಾಕಿದ್ದರು, ಇನ್ನೂ ಎಣ್ಣೆಯ ವಾಸನೆ ಆರಿರಲಿಲ್ಲ. ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ. ಬೆಳಗಿನ ಪಾಳಿಗೆ ಬರುವವರೆಲ್ಲ ಕಾರ್ಡು ತೋರಿಸುತ್ತ ಅದರ ಕಡೆ ಒಮ್ಮೆ ಕಣ್ಣು ಹಾಯಿಸಿ, ನೋಡಲಿಲ್ಲ ಎಂಬಂತೆ ಒಳಗೆ ಹೋಗುತ್ತಿದ್ದರು.

ಅಕ್ಕ ಕಾರ್ಮಿಕ ಸಂಘದ ಕಾರ್ಯದರ್ಶಿ. ಬೆಳಕಿನ ಹಲಗೆಯ ಮುಂದೆ ಕೂತು ಬಾಟಲಿ ಪರೀಕ್ಷಿಸುವುದು ಅವಳ ಕೆಲಸ. ಊರಿಗೆಲ್ಲ ಅಕ್ಕನೇ ಆಗಿದ್ದರೂ, ನಿಜವಾಗಿ ಅವಳನ್ನು ಅಕ್ಕ ಎನ್ನುವ ಹಕ್ಕಿದ್ದವಳು ಒಬ್ಬಳೇ. ಅವಳ ತಂಗಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೇ ಬಂದಿದ್ದ ತಂಗಿ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಟೆಂಪರರಿ. ಖಾಯಂ ಆದವರಿಗೆ ಸಿಗುವ ಸಂಬಳದ ಅರ್ಧಕ್ಕಿಂತ ಸ್ವಲ್ಪ ಮೇಲೆ ಅವಳಿಗೆ ಸಿಗುತ್ತಿತ್ತು. ನಾಳೆ ಬಾ ಎಂದರೆ ಬರಬೇಕು, ಬೇಡ ಎಂದರೆ ಮನೆಯಲ್ಲಿರಬೇಕು. ಅಂಥ ಟೆಂಪರರಿಗಳು ಒಟ್ಟು ನಲವತ್ತೊಂದು ಜನ.

ಸೈಕಲ್ ನಿಲ್ಲಿಸುವ ಶೆಡ್ಡಿನ ಹಿಂದೆ ಸಂಘದ ಕೋಣೆ. ಅಲ್ಲಿ ಮೂವರು ಕೂತು ಮಾತುಕತೆಗೆ ತಯಾರಾದರು. ಅಧ್ಯಕ್ಷ ಕುಲುಮೆಯ ಮೇಸ್ತ್ರಿ. ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತು ಅವನ ಹುಬ್ಬಿನ ಕೂದಲು ಉದುರಿಹೋಗಿತ್ತು, ಹಾಗಾಗಿ ಅವನು ಸಿಟ್ಟಾಗಿದ್ದಾನೋ ಆಶ್ಚರ್ಯಪಡುತ್ತಿದ್ದಾನೋ ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ಮಾತುಕತೆಗೆ ಅದು ಒಳ್ಳೆಯ ಮುಖ. ಮೂರನೆಯವನು ಖಜಾಂಚಿ, ಯಂತ್ರ ರಿಪೇರಿಯ ಫಿಟ್ಟರ್. ಯಾವ ಮಾತು ಬಂದರೂ ಆಗಬಹುದಾದ ಕೆಟ್ಟದ್ದನ್ನು ಮೊದಲು ಹೇಳುತ್ತಿದ್ದುದರಿಂದ ಅವನಿಗೆ ಗುಮ್ಮ ಎಂದು ಹೆಸರಾಗಿತ್ತು.

"ಸಂಬಳ ನೂರಕ್ಕೆ ಇಪ್ಪತ್ತು ಕೇಳೋಣ," ಎಂದ ದೊಡ್ಡಣ್ಣ. "ಹದಿನಾಲ್ಕು ಬಂದ್ರೆ ಸಿಹಿ ಹಂಚೋಣ."

"ಹತ್ತಕ್ಕಿಂತ ಕೆಳಗೆ ಬಂದ್ರೆ?" ಎಂದಳು ಅಕ್ಕ.

"ಬಂದ್ರೆ ಎದ್ದು ಬರೋದು. ಆದ್ರೆ ಆ ಹತ್ತು ಅನ್ನೋ ಮಾತು ಈ ಮೂರು ತಲೆ ಬಿಟ್ಟು ಆಚೆ ಹೋಗಬಾರದು. ಕಾಗದದ ಮೇಲೆ ಬರೀಬೇಡಿ."

"ಗೋಡೆಗೂ ಕಿವಿ ಇಟ್ಟಿರ್ತಾರೆ," ಎಂದ ಗುಮ್ಮ.

"ಈ ಗೋಡೆ ಅರ್ಧ ಬಿದ್ದಿದೆ ಮಾರಾಯ. ಅದಕ್ಕೆ ಏನು ಕೇಳುತ್ತೆ."

ಹಳೆಯ ಒಪ್ಪಂದ ಮುಗಿದು ಎಂಟು ತಿಂಗಳಾಗಿತ್ತು. ಹೊಸ ಸಂಬಳ ಆ ಎಂಟು ತಿಂಗಳಿಗೂ ಲೆಕ್ಕ ಹಿಡಿದು ಹಿಂಬಾಕಿಯಾಗಿ ಬರಬೇಕು ಎಂಬುದು ಎರಡನೇ ಬೇಡಿಕೆ. ಟೆಂಪರರಿಗಳನ್ನು ಖಾಯಂ ಮಾಡಬೇಕು ಎಂಬುದು ಮೂರನೆಯದು. ಬೇಡಿಕೆ ಪಟ್ಟಿ ಬರೆದವಳು ಅಕ್ಕನೇ. ಮೂರನೇ ಬೇಡಿಕೆಯನ್ನು ಅವಳು ಮನಸ್ಸಿಟ್ಟು ಬರೆದಿದ್ದಳು. "ಎರಡು ವರ್ಷಗಳ ಕಾಲ ಸತತವಾಗಿ ದುಡಿದಿರುವ ಎಲ್ಲ ತಾತ್ಕಾಲಿಕ ನೌಕರರನ್ನು ಖಾಯಂಗೊಳಿಸತಕ್ಕದ್ದು." ಓದಿ ನೋಡಿದಾಗ ಅವಳಿಗೇ ಹೆಮ್ಮೆ ಎನಿಸಿತ್ತು. ಬೆನ್ನು ಬಗ್ಗಿಸಿ, ಬಿಡದೆ ದುಡಿದವರು ಎಂಬ ಮರ್ಯಾದೆ ಆ ಮಾತಿನಲ್ಲಿ ಇದೆ ಎಂದುಕೊಂಡಿದ್ದಳು.

ಮೇಜಿನ ಮುಂದೆ ದೊಡ್ಡಣ್ಣ ಒಬ್ಬನೇ ಮಾತನಾಡುವುದು, ಉಳಿದವರು ಬಾಯಿ ಬಿಡಬಾರದು ಎಂದು ತೀರ್ಮಾನವಾಯಿತು. ಹೊರಗೆ ಹೋಗಿ ಮೂವರೇ ಮಾತಾಡಬೇಕೆಂದರೆ ಅಕ್ಕ ತನ್ನ ನೀರಿನ ಬಾಟಲಿಯ ಮುಚ್ಚಳ ಹಾಕಬೇಕು. ಅದೇ ಸನ್ನೆ.

ಮಾತುಕತೆ ನಡೆದದ್ದು ಆಫೀಸಿನ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಒಂದು ಕಡೆ ಮ್ಯಾನೇಜರ್ ಮತ್ತು ಕಂಪನಿಯ ವಕೀಲ, ಇನ್ನೊಂದು ಕಡೆ ಈ ಮೂವರು. ಮ್ಯಾನೇಜರ್ ಮೆದು ದನಿಯ ಮನುಷ್ಯ. ಜೋರು ಮಾಡುವವರನ್ನು ಎದುರಿಸುವುದು ಸಂಘದವರಿಗೆ ಗೊತ್ತಿತ್ತು. ಈತ ದನಿ ತಗ್ಗಿಸಿದಾಗಲೆಲ್ಲ ಅವರಿಗೆ ಮೈ ಜುಂ ಎನ್ನುತ್ತಿತ್ತು. ಮೊದಲ ದಿನವೇ ಎರಡೂ ಕಡೆಯವರು ನಿಯಮಗಳಿಗೆ ಸಹಿ ಹಾಕಿದ್ದರು. ಒಪ್ಪಿದ ಪ್ರತಿ ಕಲಮಿಗೂ ಇಬ್ಬರೂ ಚಿಕ್ಕ ಸಹಿ ಹಾಕಬೇಕು. ಆದರೆ ಎಲ್ಲವೂ ಒಪ್ಪಿಗೆಯಾಗುವವರೆಗೆ ಯಾವುದೂ ಅಂತಿಮವಲ್ಲ. ಸಂಘದ ಸರ್ವಸದಸ್ಯರ ಸಭೆ ಒಪ್ಪಿದ ಮೇಲೆಯೇ ಕೊನೆಯ ಸಹಿ.

ಸಂಬಳದ ಮಾತು ಮೂರು ಬೈಠಕ್ ಎಳೆಯಿತು. ಕಂಪನಿ ನೂರಕ್ಕೆ ಐದರಿಂದ ಶುರು ಮಾಡಿತು. ದೊಡ್ಡಣ್ಣ ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿದ. ಅವರು ಏಳಕ್ಕೆ ಬಂದರು. ಪಾಳಿ ಬದಲಿಸುವ ಮೊದಲು ವಾರದ ನೋಟಿಸು ಬೇಕೆಂಬ ಇನ್ನೊಂದು ಸಣ್ಣ ಬೇಡಿಕೆಯನ್ನು ಮೂರು ದಿನಕ್ಕೆ ಇಳಿಸಿಕೊಂಡು ಸಂಘ ಸಂಬಳದಲ್ಲಿ ಒಂದು ಹೆಜ್ಜೆ ಪಡೆಯಿತು. ಪ್ರತಿ ಸಲ ಕೊಡುವಾಗಲೂ ದೊಡ್ಡಣ್ಣ "ಇದನ್ನ ನಾವು ಬಿಟ್ಟರೆ ನೀವು ಏನು ಬಿಡ್ತೀರಿ ಸಾರ್?" ಎಂದೇ ಕೇಳುತ್ತಿದ್ದ. ಬರಿಗೈಯಲ್ಲಿ ಅವನು ಏನನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಹನ್ನೊಂದರ ಹತ್ತಿರ ಗಾಡಿ ನಿಂತಿತು. ಎಂಟು ತಿಂಗಳ ಹಿಂಬಾಕಿಗೂ ಒಪ್ಪಿಗೆ ಸಿಕ್ಕಿತು.

ಮೂರನೇ ಬೇಡಿಕೆ ಬಂದ ದಿನ ಗುಮ್ಮ ಹಿಂದಿನ ಸಂಜೆಯಿಂದಲೇ ಹೆದರಿಸಿಟ್ಟಿದ್ದ. ಮುಷ್ಕರ ಆಗುವುದಾದರೆ ಇದರ ಮೇಲೆಯೇ, ಗೇಟಿಗೆ ಬೀಗ ಜಡಿಯಲು ಆ ಸರಪಳಿ ತಂದಿರುವುದು ಇದಕ್ಕೇ ಎಂದಿದ್ದ. ಅಕ್ಕ ಮೇಜಿನ ಕೆಳಗೆ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು.

ಮ್ಯಾನೇಜರ್ ಕಲಮನ್ನು ಓದಿದರು. ವಕೀಲನ ಕಡೆ ಹಾಳೆ ಸರಿಸಿದರು. ವಕೀಲ ಓದಿ, ತಲೆ ಎತ್ತದೆ, ಹೂಂ ಎಂದ.

"ನ್ಯಾಯವಾದ ಬೇಡಿಕೆ," ಎಂದರು ಮ್ಯಾನೇಜರ್. "ಒಪ್ಪಿದ್ದೀವಿ. ನೀವು ಬರೆದ ಹಾಗೇ."

ಅಷ್ಟೇ. ಐದು ನಿಮಿಷ ಹಿಡಿಯಲಿಲ್ಲ. ದೊಡ್ಡಣ್ಣ ಚಿಕ್ಕ ಸಹಿ ಹಾಕಿದ. ಮೆಟ್ಟಿಲು ಇಳಿಯುವಾಗ ಗುಮ್ಮ ಸಹ ನಕ್ಕ. ಅವನ ಮುಂದಿನ ಹಲ್ಲೊಂದು ಇಲ್ಲವೆಂಬುದು ಅಕ್ಕನಿಗೆ ಅಂದೇ ತಿಳಿದದ್ದು.

ಅಕ್ಕ ಮಾತ್ರ ನಗಲಿಲ್ಲ. ಆಡುವ ಮಗು ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿದರೆ ಒಳಗಿರುವ ತಾಯಿಗೆ ಹೇಗೆ ಎದೆ ಧಸಕ್ಕೆನ್ನುತ್ತದೋ ಹಾಗೆ ಆಗಿತ್ತು. ಪಾಳಿ ಬದಲಿಸುವ ನೋಟಿಸಿಗೆ ಅರ್ಧ ದಿನ ಜಗ್ಗಾಡಿದವರು ನಲವತ್ತೊಂದು ಜನರ ಸಂಬಳ ಹತ್ತಿರಹತ್ತಿರ ದುಪ್ಪಟ್ಟಾಗುವ ಮಾತಿಗೆ ಹೂಂ ಎಂದರು. ಯಾಕೆ?

ಸಂಜೆ ಅವಳು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ತಂಗಿ ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದಿದ್ದಳು. ಒಲೆಯ ಮುಂದೆ ನಿಂತು, ಬರಲಿರುವ ಸಂಬಳವನ್ನು ಈಗಾಗಲೇ ಖರ್ಚು ಮಾಡುತ್ತಿದ್ದಳು. ಮಗಳನ್ನು ಮುಂದಕ್ಕೆ ಓದಿಸುವುದು. ಆಮೇಲೆ ಒಂದು ಕೋಣೆಯ ಮನೆ, ಇದೇ ಬೀದಿಯಲ್ಲೇ.

"ನಿನ್ನ ಗೊರಕೆಯಿಂದ ಬಿಡುಗಡೆ ಅಕ್ಕ," ಎಂದಳು. "ಆ ಸಂತೋಷಕ್ಕೇ ಅರ್ಧ ಸಂಬಳ ಕೊಡಬಹುದು."

"ನಾನು ಗೊರಕೆ ಹೊಡೆಯಲ್ಲ."

"ಅದನ್ನ ಎಚ್ಚರ ಇದ್ದವರು ಹೇಳಬೇಕು. ಅಂದ ಹಾಗೆ, ಮುಂದಿನ ವಾರ ನಾನು ಮನೇಲೇ ಇರ್ತೀನಿ. ಹಾಸಿಗೆ ಬಟ್ಟೆಯೆಲ್ಲ ಒಗೆದು ಹಾಕ್ತೀನಿ."

"ಯಾಕೆ? ಮೈ ಹುಷಾರಿಲ್ವಾ?"

"ಗ್ಯಾಪ್ ಬಂತಲ್ಲ. ಇವತ್ತು ಚೀಟಿ ಕೊಟ್ಟರು."

ಗ್ಯಾಪ್ ಎಂದರೆ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಟೆಂಪರರಿಗಳನ್ನು ವರ್ಷಕ್ಕೊಮ್ಮೆ ವಾರದ ಮಟ್ಟಿಗೆ ಮನೆಗೆ ಕಳಿಸಿ, ಆಮೇಲೆ ಹೊಸ ಕಾರ್ಡು ಕೊಟ್ಟು ಒಳಗೆ ಕರೆದುಕೊಳ್ಳುತ್ತಿದ್ದರು. ಅದು ಎಷ್ಟು ಹಳೆಯ ಪದ್ಧತಿಯೆಂದರೆ ಯಾರೂ ಅದನ್ನು ಕೆಲಸ ಬಿಟ್ಟದ್ದು ಎಂದು ಎಣಿಸುತ್ತಿರಲಿಲ್ಲ. ಬಟ್ಟೆ ಒಗೆಯುವ ವಾರ, ನೆಂಟರ ಮನೆಯ ವಾರ ಎಂದು ತಮಾಷೆ ಮಾಡುತ್ತಿದ್ದರು. ಎಂಟು ವರ್ಷದಿಂದ ಇರುವ ಟೆಂಪರರಿಯೂ "ಎಂಟು ವರ್ಷದಿಂದ ಬಿಡದೆ ಇದ್ದೀನಿ" ಎಂದೇ ಹೇಳುತ್ತಿದ್ದಳು.

"ಅಕ್ಕ, ಅದರಲ್ಲಿ ಸತತ ಅಂತ ಬರೆದಿದ್ದೀಯಂತೆ," ಎಂದಳು ತಂಗಿ, ಸೌಟಿನಿಂದ ಪಾತ್ರೆಯ ಅಂಚು ಕೆರೆಯುತ್ತ. "ಎಷ್ಟು ಚೆನ್ನಾಗಿದೆ. ಪ್ಯಾಕಿಂಗಿನವರೆಲ್ಲ ಒಬ್ಬರಿಗೊಬ್ಬರು ಏನೇ ಸತತ, ಬಾರೇ ಸತತ ಅಂತ ಕರೀತಾ ಇದ್ದಾರೆ. ನಾನಂದೆ, ನಾವೆಲ್ಲಿಯ ಸತತ, ನಾವು ಬಿಟ್ಟು ಬಿಟ್ಟು ಬರೋ ಮಳೆ."

ಅಕ್ಕನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

ಪ್ರತಿ ವರ್ಷ ವಾರದ ಮಟ್ಟಿಗೆ ಕೆಲಸ ಕಡಿದುಹೋಗುತ್ತದೆ. ಹಾಗಿದ್ದರೆ ನಲವತ್ತೊಂದು ಜನರಲ್ಲಿ ಎರಡು ವರ್ಷ ಸತತವಾಗಿ ದುಡಿದವರು ಎಷ್ಟು? ಒಬ್ಬರೂ ಇಲ್ಲ. ಮ್ಯಾನೇಜರ್ ಏನನ್ನೂ ಕೊಟ್ಟಿರಲಿಲ್ಲ. ಅವಳೇ ಬರೆದುಕೊಟ್ಟ ಬಾಗಿಲಿಗೆ ಅವಳೇ ಬರೆದುಕೊಟ್ಟ ಬೀಗ ಹಾಕಿದ್ದರು, ಅಷ್ಟೇ.

"ಏನಾಯ್ತು ಅಕ್ಕ? ಮುಖ ಯಾಕೆ ಹಾಗಾಯ್ತು?"

"ಏನಿಲ್ಲ. ಉಪ್ಪು ಜಾಸ್ತಿಯಾಗಿದೆ."

"ಇನ್ನೂ ನೀನು ತಿಂದೇ ಇಲ್ಲ."

ಮರುದಿನ ಪಾಳಿಗೆ ಮೊದಲು ಅಕ್ಕ ಸಂಘದ ಕೋಣೆಯಲ್ಲಿ ಇಬ್ಬರಿಗೂ ವಿಷಯ ಬಿಡಿಸಿ ಹೇಳಿದಳು. ದೊಡ್ಡಣ್ಣ ಬೇಡಿಕೆ ಪಟ್ಟಿ ತೆಗೆದು ಮೂರನೇ ಕಲಮನ್ನು ಮತ್ತೆ ಓದಿದ. ಗುಮ್ಮನ ಬಾಯಲ್ಲಿ ಮಾತು ಸಿದ್ಧವಾಗಿತ್ತು.

"ಎಲ್ಲ ಮುಗೀತು ಅಂತ ಜನ ಕುಣಿಯೋಕೆ ಶುರು ಮಾಡಿದ ಮೇಲೆ ಹೇಳ್ತಿದ್ದೀರಿ. ಈಗ ಸಹಿ ಹಾಕಿದ ಕಲಮನ್ನ ಬಿಚ್ಚಿದರೆ ಅವರು ಸುಮ್ನೆ ಬಿಡ್ತಾರಾ? ಸಂಬಳದ ಕಲಮನ್ನೂ ಬಿಚ್ಚುತ್ತಾರೆ. ಖಾಯಂ ಜನ ನಮ್ಮ ಕುತ್ತಿಗೆಗೆ ಬರ್ತಾರೆ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ ಅಕ್ಕ. ಆ ನಲವತ್ತೊಂದರಲ್ಲಿ ನಿಮ್ಮ ತಂಗಿ ಇಲ್ಲದೆ ಹೋಗಿದ್ರೆ ನಿಮಗೆ ನಿನ್ನೆ ನಿದ್ದೆ ಬರ್ತಿತ್ತೋ ಏನೋ."

 ಅಕ್ಕ ಅದೇ ಪ್ರಶ್ನೆಯನ್ನು ರಾತ್ರಿಯಿಡೀ ತನಗೆ ತಾನೇ ಕೇಳಿಕೊಂಡಿದ್ದಳು.

"ಬಿಡೋ," ಎಂದ ದೊಡ್ಡಣ್ಣ. "ಮೂರು ಜನ ಓದಿದ್ದೀವಿ, ಮೂರು ಜನಕ್ಕೂ ಕಾಣಲಿಲ್ಲ. ಗ್ಯಾಪ್ ನಮಗೆ ಕಾಣೋದೇ ಇಲ್ಲ. ಅದು ಟೆಂಪರರಿಗಳ ಪಾಡು. ಈಗ ಹೇಳಿ, ಈ ಒಂದು ಮಾತು ಬದಲಾಯಿಸೋಕೆ ಏನು ಬೆಲೆ ಕೊಡಬಹುದು?"

ಕೊಡಲು ಇದ್ದದ್ದು ಹಿಂಬಾಕಿ ಒಂದೇ. ಎಂಟು ತಿಂಗಳಿನದರಲ್ಲಿ ಅರ್ಧದವರೆಗೆ ಬಿಡಬಹುದು, ಅದಕ್ಕಿಂತ ಕೆಳಗೆ ಸಭೆ ಒಪ್ಪುವುದಿಲ್ಲ. ಸಂಬಳದ ಹನ್ನೊಂದನ್ನು ಮುಟ್ಟಲೇಬಾರದು. ಅವರು ಅದನ್ನೂ ಬಿಚ್ಚಿದರೆ ಎದ್ದು ಬರಬೇಕು, ಮುಷ್ಕರದ ನೋಟಿಸು ಕೊಡಬೇಕು. ಆ ಮಾತು ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮುಷ್ಕರ ಅಂದರೆ ಫರ್ನೇಸ್ ಕಾಯೋಕೆ ಜನ ಬಿಡಬೇಕು," ಎಂದ ದೊಡ್ಡಣ್ಣ. "ಅದು ಆರಿದರೆ ಗೆದ್ದ ಮೇಲೆ ವಾಪಸ್ ಬರೋಕೆ ಕೆಲಸವೇ ಇರಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು."

ಆ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಮ್ಯಾನೇಜರ್ ಅಂತಿಮ ಕರಡನ್ನು ಟೈಪು ಮಾಡಿಸಿ ಇಟ್ಟಿದ್ದರು. ದೊಡ್ಡಣ್ಣ ಅದನ್ನು ಮುಟ್ಟದೆ, ಮೂರನೇ ಕಲಮಿನಲ್ಲಿ ಒಂದು ತಿದ್ದುಪಡಿ ಇದೆ ಎಂದ. ಸತತ ಎಂಬುದನ್ನು ತೆಗೆದು ಒಟ್ಟು ಎಂದು ಹಾಕಬೇಕು. ಕಂಪನಿಯೇ ಕೊಟ್ಟ ಗ್ಯಾಪನ್ನು ಸೇವೆ ಕಡಿದದ್ದು ಎಂದು ಎಣಿಸಬಾರದು ಎಂದು ಒಂದು ಸಾಲು ಸೇರಿಸಬೇಕು.

ಮ್ಯಾನೇಜರ್ ದನಿ ಇನ್ನಷ್ಟು ತಗ್ಗಿತು. "ಸಹಿ ಆಗಿದೆಯಲ್ಲ."

"ಎಲ್ಲ ಒಪ್ಪೋವರೆಗೆ ಯಾವುದೂ ಅಂತಿಮ ಅಲ್ಲ ಸಾರ್. ಮೊದಲ ದಿನದ ನಿಯಮ. ಅದಕ್ಕೂ ಸಹಿ ಆಗಿದೆ."

"ಹಾಗಾದ್ರೆ ಸಂಬಳದ ಕಲಮನ್ನೂ ನಾನು ತೆಗೆಯಬಹುದು."

"ತೆಗೀಬಹುದು. ಆಗ ನಾವೂ ಏಳಬಹುದು."

 ಕಿಟಕಿಯ ಆಚೆ ಕುಲುಮೆಯ ಚಿಮಣಿ ಸದ್ದಿಲ್ಲದೆ ಹೊಗೆ ಬಿಡುತ್ತಿತ್ತು. ವಕೀಲ ಪೆನ್ನಿನ ಕ್ಯಾಪು ಹಾಕಿ ತೆಗೆದು ಹಾಕಿ ತೆಗೆದ. ಮ್ಯಾನೇಜರ್ ಅಕ್ಕನ ಕಡೆ ತಿರುಗಿದರು.

"ಪಟ್ಟಿ ಬರೆದದ್ದು ನೀವಲ್ಲವಾ ಅಮ್ಮ? ನಾನು ಮೋಸ ಮಾಡಲಿಲ್ಲ. ನೀವು ಕೇಳಿದ್ದನ್ನೇ ಕೊಟ್ಟೆ."

ಮಾತಾಡಬಾರದೆಂಬ ನಿಯಮವಿತ್ತು. ಅಕ್ಕ ದೊಡ್ಡಣ್ಣನ ಕಡೆ ನೋಡಿದಳು. ಅವನು ತಲೆಯಾಡಿಸಿದ.

"ಬರೆದದ್ದು ನಾನೇ ಸಾರ್," ಎಂದಳು.  "ತಪ್ಪು ನನ್ನದೇ. ಆದರೆ ಈ ಕಾಗದ ನಾಳೆ ಸಭೆಗೆ ಹೋಗುತ್ತೆ. ನಲವತ್ತೊಂದು ಜನ ಖಾಯಂ ಆದೆವು ಅಂತ ನಂಬಿ ಚಪ್ಪಾಳೆ ಹೊಡೀತಾರೆ. ಆರು ತಿಂಗಳ ಮೇಲೆ ಒಬ್ಬರೂ ಆಗಿಲ್ಲ ಅಂತ ಗೊತ್ತಾದ ದಿನ ಅವರು ನಮ್ಮನ್ನೂ ಕೇಳಲ್ಲ, ನಿಮ್ಮನ್ನೂ ಕೇಳಲ್ಲ. ಆವತ್ತು ಫರ್ನೇಸ್ ಕಾಯೋಕೆ ಜನ ಬಿಡಿ ಅಂತ ಯಾರು ಹೇಳಿದರೂ ಅವರು ಕೇಳಲ್ಲ."

ಅವಳು ಹೆದರಿಸಲು ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಇದ್ದ ಹೆದರಿಕೆ ಅದೇ. ಬಹುಶಃ ಅದಕ್ಕೇ ಮ್ಯಾನೇಜರ್ ಒಳಗಿನ ಕೋಣೆಗೆ ಹೋಗಿ ಫೋನು ಮಾಡಿದರು. ಅವರಿಗೂ ಮೇಲೆ ಒಬ್ಬರಿದ್ದರು. ಬಾಗಿಲ ಸಂದಿಯಿಂದ "ಹೌದು ಸಾರ್, ಇಲ್ಲ ಸಾರ್" ಎನ್ನುವುದು ಕೇಳಿಸುತ್ತಿತ್ತು.

ಹೊರಗೆ ಬಂದು ಹೇಳಿದರು. ಮಾತು ಬದಲಾಯಿಸಬಹುದು. ಹಿಂಬಾಕಿ ಅರ್ಧ ಮಾತ್ರ. ಮತ್ತೆ, ಒಟ್ಟು ಸೇವೆ ಎರಡು ವರ್ಷ ಅಲ್ಲ, ಮೂರು. ಒಪ್ಪಂದಕ್ಕೆ ಸಹಿ ಬೀಳುವ ದಿನಕ್ಕೆ ಮೂರು ವರ್ಷ ತುಂಬಿದವರು ಮಾತ್ರ.

ಅಕ್ಕ ನೀರಿನ ಬಾಟಲಿಯ ಮುಚ್ಚಳ ಹಾಕಿದಳು.

ಹೊರಗೆ ಓಣಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕ ಮೂವರೂ ನಿಂತರು. ಗುಮ್ಮ ಟೆಂಪರರಿಗಳ ಪಟ್ಟಿ ತೆಗೆದು ಬೆರಳಿಟ್ಟು ಎಣಿಸಿದ. ಮೂರು ತುಂಬಿದವರು ಮೂವತ್ನಾಲ್ಕು. ಹೊರಗುಳಿಯುವವರು ಏಳು. ಎಣಿಸುತ್ತ ಹೋದ ಬೆರಳು ಒಂದು ಹೆಸರಿನ ಹತ್ತಿರ ನಿಂತಿತು. ತಂಗಿ ಸೇರಿ ಎರಡೂವರೆ ವರ್ಷ ಕಳೆದು ಸ್ವಲ್ಪ ಆಗಿತ್ತು. ಅಕ್ಕ ಪಟ್ಟಿ ನೋಡಲಿಲ್ಲ. ಅವಳಿಗೆ ನೋಡುವ ಅಗತ್ಯವಿರಲಿಲ್ಲ.

"ಎರಡೂವರೆ ಕೇಳೋಣ," ಎಂದ ಗುಮ್ಮ. ಬೆಳಗಿನ ದನಿ ಅದಾಗಿರಲಿಲ್ಲ. "ಕೇಳಿದರೆ ತಪ್ಪೇನು? ಎರಡಕ್ಕೂ ಮೂರಕ್ಕೂ ನಡುವೆ ಎರಡೂವರೆ ತಾನೇ ಬರೋದು."

ಮೂವರೂ ಒಳಗೆ ಹೋಗಿ ಕೂತರು, ದೊಡ್ಡಣ್ಣ ಕೇಳಿದ. ಮ್ಯಾನೇಜರ್ ಮುಂದೆಯೂ ಅದೇ ಪಟ್ಟಿ ಇತ್ತು. ಅವರು ಅದರ ಮೇಲೆ ಬೆರಳು ಆಡಿಸಿ, ತಲೆ ಎತ್ತಿ, ಬಹಳ ಮೆತ್ತಗೆ ಕೇಳಿದರು.

"ಎರಡೂವರೆ ಯಾರಿಗೋಸ್ಕರ?"

 ಗುಮ್ಮ ತನ್ನ ಚಪ್ಪಲಿ ನೋಡಿಕೊಂಡ.  ಈ ಪ್ರಶ್ನೆ ಈ ಕೋಣೆಯಿಂದ ಇಳಿದು ಗೇಟಿನವರೆಗೆ ನಡೆದುಕೊಂಡು ಹೋಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ನಾಳೆ ಸಭೆಯಲ್ಲಿ ಯಾರೋ ಒಬ್ಬ ಎದ್ದು ಇದನ್ನೇ ಕೇಳುತ್ತಾನೆ. ತಂಗಿಗೋಸ್ಕರ ನಮ್ಮ ಹಿಂಬಾಕಿ ಮಾರಿದಳು ಎನ್ನುತ್ತಾನೆ. ಸಭೆ ಕಾಗದವನ್ನು ಹರಿದು ಹಾಕುತ್ತದೆ. ಮೂವತ್ನಾಲ್ಕು ಜನವೂ ಹೋಗುತ್ತಾರೆ. ಮೊಳೆಯ ಮೇಲಿನ ಸರಪಳಿ ಕೆಳಗಿಳಿಯುತ್ತದೆ.

ಅವಳು ದೊಡ್ಡಣ್ಣನ ತೋಳು ಮುಟ್ಟಿದಳು. "ನಾನು ಹೇಳ್ತೀನಿ."

"ಮೂರೇ ಇರಲಿ ಸಾರ್," ಎಂದಳು. "ಅದನ್ನ ನಾವು ಬಿಟ್ಟರೆ ನೀವು ಏನು ಬಿಡ್ತೀರಿ?"

ಮ್ಯಾನೇಜರ್ ಅವಳನ್ನು ನೋಡಿದರು. ಆ ನೋಟದಲ್ಲಿ ಏನಿತ್ತೋ ಅವಳಿಗೆ ತಿಳಿಯಲಿಲ್ಲ. "ಏನು ಬೇಕು?"

"ಇನ್ನು ಮೇಲೆ ಯಾರಿಗೂ ಗ್ಯಾಪ್ ಬೇಡ. ಉಳಿದ ಏಳು ಜನರ ಹೆಸರು, ಸೇರಿದ ತಾರೀಖಿನ ಪ್ರಕಾರ, ಈ ಒಪ್ಪಂದಕ್ಕೇ ಲಗತ್ತಿಸಬೇಕು. ಖಾಯಂ ಜಾಗ ಖಾಲಿಯಾದರೆ ಆ ಸಾಲಿನಿಂದಲೇ ತಗೋಬೇಕು. ಅದು ಮುಗಿಯೋವರೆಗೆ ಹೊರಗಿನವರನ್ನ ತಗೋಬಾರದು. ಅಲ್ಲಿವರೆಗೆ ಅವರನ್ನ ಕೆಲಸದಿಂದ ತೆಗೀಬಾರದು."

ವಕೀಲ ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದ. ಆರ್ಡರು ಕಡಿಮೆಯಾಗಿ ಯಂತ್ರವನ್ನೇ ನಿಲ್ಲಿಸಬೇಕಾಗಿ ಬಂದರೆ ಆ ಮಾತು ಬೇರೆ ಎಂದು ಸೇರಿಸಬೇಕಂತೆ. ದೊಡ್ಡಣ್ಣ, ಹಾಗೆ ನಿಲ್ಲಿಸುವ ಮೊದಲು ಸಂಘಕ್ಕೆ ಲಿಖಿತ ನೋಟಿಸು ಕೊಡಬೇಕು ಎಂದು ಸೇರಿಸಿದ. ಅದರ ಮೇಲೆ ಇನ್ನೂ ಒಂದು ಗಂಟೆ ಜಗ್ಗಾಟ ನಡೆಯಿತು. ಮುಗಿದಾಗ ಅಕ್ಕ ಹೊಸ ಕರಡನ್ನು ಮೊದಲಿನಿಂದ ಕೊನೆಯವರೆಗೆ, ಒಂದೊಂದು ಮಾತಿಗೂ ನಿಂತು, ಗಟ್ಟಿಯಾಗಿ ಓದಿದಳು. ಪ್ರತಿ ಮಾತಿಗೂ ಗುಮ್ಮ, "ಇದರಿಂದ ಏನು ಕೆಟ್ಟದ್ದಾಗಬಹುದು?" ಎಂದು ಕೇಳಿದ. ಅವನ ಆ ಚಾಳಿ ಮೊದಲ ಸಲ ಎಲ್ಲರಿಗೂ ಉಪಯೋಗಕ್ಕೆ ಬಂತು.

ಆ ಸಂಜೆ ಅಕ್ಕ ತಂಗಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ಮಗಳು ಪಾಠ ಓದುತ್ತಿದ್ದಳು, ಇನ್ನೊಂದು ಸಲ ತಂಗಿ ನಗುತ್ತಿದ್ದಳು. ಸಭೆ ಮುಗಿಯಲಿ, ಸಹಿ ಆಗಲಿ, ಆಮೇಲೆ ಮನೆಯಲ್ಲಿ ಕೂತು ನಿಧಾನವಾಗಿ ಹೇಳುತ್ತೇನೆ ಎಂದುಕೊಂಡಳು.

ಸಭೆ ಸೈಕಲ್ ಶೆಡ್ಡಿನಲ್ಲಿ, ಎರಡು ಪಾಳಿಗಳ ನಡುವೆ. ಖಾಯಂ ಜನ ಮುಂದೆ ಕೂತಿದ್ದರು. ಕೈ ಎತ್ತುವ ಹಕ್ಕು ಅವರದ್ದು, ಏಕೆಂದರೆ ಸದಸ್ಯರು ಅವರೇ. ಟೆಂಪರರಿಗಳು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ದೊಡ್ಡಣ್ಣ ಕಲಮುಗಳನ್ನು ಓದಿದ. ಸಂಬಳಕ್ಕೆ ಚಪ್ಪಾಳೆ ಬಿತ್ತು. ಹಿಂಬಾಕಿ ಅರ್ಧ ಎಂದ ಕೂಡಲೇ ಚಪ್ಪಾಳೆ ಕತ್ತರಿಸಿದ ಹಾಗೆ ನಿಂತಿತು.

ಕ್ರೇನ್ ನಡೆಸುವ ಒಬ್ಬ ಎದ್ದ. "ನಮ್ಮ ನಾಲ್ಕು ತಿಂಗಳ ದುಡ್ಡು ಎಲ್ಲಿ ಹೋಯ್ತು?"

"ಟೆಂಪರರಿಗಳ ಕಲಮು ಸರಿ ಮಾಡಿಸೋಕೆ," ಎಂದ ದೊಡ್ಡಣ್ಣ.

"ಅವರಿಗೋಸ್ಕರ ನಾವ್ಯಾಕೆ ಕೊಡಬೇಕು? ಯಾರ ಮನೆ ಉದ್ಧಾರ ಆಗೋಕೆ? ಕಾರ್ಯದರ್ಶಿ ಅಕ್ಕ ಬಾಯಿ ಬಿಟ್ಟು ಹೇಳಲಿ, ಯಾರ ಮನೆ?"

ಗುಜುಗುಜು ಎದ್ದಿತು. ಇನ್ನೂ ನಾಲ್ಕಾರು ಜನ ಎದ್ದು ನಿಂತರು. ಅಕ್ಕ ಎದ್ದು ಮಾತಾಡಬೇಕು ಎಂದು ಮೇಜು ಹಿಡಿದಳು. ಅಷ್ಟರಲ್ಲಿ ಗುಮ್ಮ ಬೆಂಚಿನ ಮೇಲೆ ಹತ್ತಿದ್ದ.

"ಅವರ ತಂಗಿ ಇದರಲ್ಲಿ ಇಲ್ಲ," ಎಂದ. "ಕೇಳಿಸ್ತಾ? ಮೂವತ್ನಾಲ್ಕು ಜನ ಆಗ್ತಾರೆ. ಏಳು ಜನ ಆಗಲ್ಲ. ಆ ಏಳರಲ್ಲಿ ಅಕ್ಕನ ತಂಗಿ ಇದ್ದಾಳೆ. ಎರಡೂವರೆ ಕೇಳ್ತಾ ಹೋಗಿದ್ರೆ ಆಗ್ತಿತ್ತೋ ಏನೋ. ಮೂರೇ ಇರಲಿ ಅಂದದ್ದು ಅವರೇ. ನಾನು ಪಕ್ಕದಲ್ಲಿ ಕೂತಿದ್ದೆ. ಇನ್ನು ಕೇಳಿ, ಯಾರ ಮನೆ ಅಂತ."

ಕ್ರೇನಿನವನು ನಿಂತಲ್ಲೇ ನಿಂತ, ಆಮೇಲೆ ಕೂತ.  ಅಕ್ಕ ಹಿಂದಿನ ಗೋಡೆಯ ಕಡೆ ನೋಡಿದಳು. ತಂಗಿ ಗೆಳತಿಯರ ನಡುವೆ ನಿಂತಿದ್ದಳು. ಸುತ್ತಲಿನವರು ತಮಗೆ ಗೊತ್ತಿಲ್ಲದೆಯೇ ಅವಳಿಂದ ಅರ್ಧ ಹೆಜ್ಜೆ ಸರಿದಿದ್ದರು. ಅವಳು ಅಕ್ಕನನ್ನೇ ನೋಡುತ್ತಿದ್ದಳು, ಬೇರೆ ಯಾವ ಕಡೆಯೂ ಅಲ್ಲ.

ದೊಡ್ಡಣ್ಣ ಮತಕ್ಕೆ ಹಾಕಿದ. ಕೈಗಳು ಒಂದೊಂದಾಗಿ ಮೇಲೆದ್ದವು, ಆಮೇಲೆ ಒಟ್ಟಿಗೆ. ವಿರುದ್ಧ ಎತ್ತಿದವರು ಕೆಲವರೇ. ಕ್ರೇನಿನವನು ಯಾವ ಕಡೆಗೂ ಎತ್ತಲಿಲ್ಲ.

ಮಹಡಿಯ ಕೋಣೆಯಲ್ಲಿ ಕೊನೆಯ ಸಹಿಗಳು ಬಿದ್ದವು. ಒಂದು ಪ್ರತಿ ಕಂಪನಿಗೆ, ಒಂದು ಸಂಘಕ್ಕೆ, ಒಂದು ಕಾರ್ಮಿಕ ಇಲಾಖೆಗೆ. ಮ್ಯಾನೇಜರ್ ಎಲ್ಲರಿಗೂ ಚಹಾ ತರಿಸಿದರು. ಅಕ್ಕ ಮುಟ್ಟಲಿಲ್ಲ.

ಮನೆಯಲ್ಲಿ ತಂಗಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಕ್ಕ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು.

"ನೀನು ಮೊದಲೇ ಹೇಳಬಹುದಿತ್ತು," ಎಂದಳು ತಂಗಿ, ತಲೆ ಎತ್ತದೆ.

"ಹೇಳಬಹುದಿತ್ತು."

"ನಾನು ಬೇಡ ಅಂತಿರಲಿಲ್ಲ. ಗೋಡೆಗೆ ಒರಗಿ ನಿಂತು, ಎಲ್ಲರ ಮುಂದೆ, ಗುಮ್ಮನ ಬಾಯಿಂದ ಕೇಳಬೇಕಾಯ್ತು."

"ಹೆದರಿಕೆ ಆಯ್ತು."

"ಕಂಪನಿಯವರ ಮುಂದೆ ಆಗಲಿಲ್ವಾ?"

"ಅಲ್ಲೂ ಆಯ್ತು. ಇಲ್ಲಿ ಜಾಸ್ತಿ ಆಯ್ತು."

ತಂಗಿ ಒಂದು ಸೀರೆಯನ್ನು ಮಡಿಸಿ, ಮತ್ತೆ ಬಿಚ್ಚಿ, ಇನ್ನೊಂದು ಸಲ ಮಡಿಸಿದಳು. "ಇನ್ನೂ ಎಷ್ಟು ದಿನ ನಿನ್ನ ಗೊರಕೆ ಕೇಳಬೇಕೋ," ಎಂದಳು ಕೊನೆಗೆ. ನಗಲಿಲ್ಲ. ಸೀರೆಯ ಇನ್ನೊಂದು ತುದಿಯನ್ನು ಅಕ್ಕನ ಕಡೆ ಚಾಚಿದಳು. ಅಕ್ಕ ಹಿಡಿದುಕೊಂಡಳು.

ಮುಂದಿನ ವಾರ ಗ್ಯಾಪ್ ಇರಲಿಲ್ಲ. ತಂಗಿ ಎಂದಿನಂತೆ ಹಳೆಯ ಕಾರ್ಡಿನಲ್ಲೇ ಕೆಲಸಕ್ಕೆ ಹೋದಳು. ಗೇಟಿನ ಸರಪಳಿ ಮೊಳೆಯ ಮೇಲೇ ಇತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಸಂಬಳ ನೂರಕ್ಕೆ ಹನ್ನೊಂದು ಏರಿತು. ಹಿಂಬಾಕಿ ಎಂಟು ತಿಂಗಳಿನದರಲ್ಲಿ ನಾಲ್ಕು ತಿಂಗಳಿನದು ಬಂತು, ನಾಲ್ಕು ತಿಂಗಳಿನದು ಹೋಯಿತು. ಮೂವತ್ನಾಲ್ಕು ಜನ ಖಾಯಂ ಆದರು. ಏಳು ಜನ ಆಗಲಿಲ್ಲ. ಆ ಏಳರ ಸಾಲಿನಲ್ಲಿ ತಂಗಿಯ ಹೆಸರು ಮೂರನೆಯದು.